ಮೊದಲು ಬೆಳಕು, ಆಮೇಲೆ ಬ್ಲೇಡು

ಜನವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅಂಗೈಯಗಲದ ಒಂದು ಸಕ್ಯುಲೆಂಟ್ ಗಿಡವನ್ನು ಮನೆಗೆ ತರುತ್ತಾರೆ ಎಂದಿಟ್ಟುಕೊಳ್ಳೋಣ. ಎಚೆವೇರಿಯಾ ಜಾತಿಯ ‘ಪೆರ್ಲೆ ಫೋನ್ ನ್ಯೂರ್ನ್‌ಬೆರ್ಗ್’ ಎಂಬ ತಳಿ. ದಪ್ಪ ಎಲೆಗಳು ಒಂದರ ಮೇಲೊಂದು ಒತ್ತಾಗಿ ಜೋಡಿಸಿಕೊಂಡು ಅರೆಬಿರಿದ ತಾವರೆಯಂತೆ ಕಾಣುತ್ತವೆ. ಮೈಗೆ ಬೂದು ಬೆರೆತ ನೇರಳೆ ಬಣ್ಣ, ಎಲೆಯ ಅಂಚಿಗೆ ಗುಲಾಬಿ. ಮನೆಯ ದಕ್ಷಿಣದ ಕಿಟಕಿಯಲ್ಲಿಟ್ಟರೆ ಏಪ್ರಿಲ್‌ವರೆಗೂ ಅದೇ ಚೆಲುವು. ಆಗಸ್ಟ್ ಹೊತ್ತಿಗೆ ನೋಡಿದರೆ ಗಿಡದ ಗುರುತೇ ಸಿಗುವುದಿಲ್ಲ. ಕಾಂಡ ಒಂದು ಗೇಣಿನಷ್ಟು ಮೇಲೆದ್ದಿದೆ, ಎಲೆಗಳ ನಡುವೆ ಬೆರಳು ತೂರಿಸುವಷ್ಟು ಜಾಗ ಬಿಟ್ಟಿದೆ, ನೇರಳೆ ಬಣ್ಣ ಹೋಗಿ ಮಾಸಲು ಹಸಿರು ಉಳಿದಿದೆ, ಇಡೀ ಗಿಡ ಗಾಜಿನ ಕಡೆಗೆ ವಾಲಿದೆ.

ನೀರು ಕಡಿಮೆಯಾಯಿತೇನೋ ಎಂದು ಹೆಚ್ಚು ನೀರು ಹಾಕುವವರಿದ್ದಾರೆ, ಗೊಬ್ಬರ ಹಾಕುವವರೂ ಇದ್ದಾರೆ. ಎರಡೂ ಗಿಡಕ್ಕೆ ಕೆಡುಕೇ. ಅದಕ್ಕೆ ಸಾಲದೇ ಹೋದದ್ದು ಬೆಳಕು.

ಸಸ್ಯಶಾಸ್ತ್ರಜ್ಞರು ಈ ಸ್ಥಿತಿಯನ್ನು ಇಟಿಯೊಲೇಷನ್ ಎನ್ನುತ್ತಾರೆ. ಗಿಡ ಬೆಳಕನ್ನು ಆಹಾರಕ್ಕೆ ಬಳಸುವುದಷ್ಟೇ ಅಲ್ಲ, ಎಷ್ಟು ಬರುತ್ತಿದೆ, ಯಾವ ಕಡೆಯಿಂದ ಬರುತ್ತಿದೆ ಎಂದು ಸದಾ ಅಳೆಯುತ್ತಲೂ ಇರುತ್ತದೆ. ಈ ಕೆಲಸಕ್ಕೆಂದೇ ಅದರ ಜೀವಕೋಶಗಳಲ್ಲಿ ಬೆಳಕಿಗೆ ಸ್ಪಂದಿಸುವ ಪ್ರೋಟೀನುಗಳಿವೆ. ಬೆಳಕು ಸಾಲದು ಎಂಬ ಸೂಚನೆ ಸಿಕ್ಕಾಗ ಆಕ್ಸಿನ್, ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನುಗಳು ಕಾಂಡದ ಕೋಶಗಳನ್ನು ಉದ್ದುದ್ದಕ್ಕೆ ಹಿಗ್ಗಿಸುತ್ತವೆ. ಎಲೆಗಳ ಸಂಖ್ಯೆ ಹೆಚ್ಚುವುದಿಲ್ಲ, ಎರಡು ಎಲೆಗಳ ನಡುವಿನ ಕಾಂಡ ಮಾತ್ರ ಉದ್ದವಾಗುತ್ತದೆ. ಪೊದೆಯ ನೆರಳಲ್ಲಿ ಸಿಕ್ಕಿಬಿದ್ದ ಗಿಡವೊಂದು ತಲೆಯೆತ್ತಿ ಬಿಸಿಲು ಮುಟ್ಟಲು ಇದೇ ದಾರಿ. ಕೋಣೆಯೊಳಗೆ ಎಷ್ಟು ಎತ್ತರಕ್ಕೆ ಹೋದರೂ ಅಷ್ಟೇ ಬೆಳಕು. ಹಾಗಾಗಿ ಗಿಡ ಏರುತ್ತಲೇ ಹೋಗುತ್ತದೆ.

ವಾಲುವುದಕ್ಕೂ ಕಾರಣ ಆಕ್ಸಿನ್ನೇ. ಅದು ಕಾಂಡದ ನೆರಳಿನ ಮಗ್ಗುಲಲ್ಲಿ ಹೆಚ್ಚು ಸೇರಿಕೊಳ್ಳುತ್ತದೆ, ಆ ಮಗ್ಗುಲು ಹೆಚ್ಚು ಉದ್ದವಾಗಿ ಗಿಡ ಬೆಳಕಿನ ಕಡೆ ಬಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಬೆಳಕನ್ನು ಗ್ರಹಿಸುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರ ಪುಸ್ತಕದಲ್ಲಿ ತೋರಿಸಿಕೊಟ್ಟಿದ್ದರು. ತುದಿಯಿಂದ ಕೆಳಗಿಳಿದು ಬರುವ ಆ ಸಂದೇಶವೇ ಆಕ್ಸಿನ್ ಎಂದು ತಿಳಿಯಲು ಇನ್ನೂ ಹಲವು ದಶಕ ಬೇಕಾದವು. ಬಣ್ಣ ಮಾಸುವುದರ ಕಾರಣ ಬೇರೆ. ಎಲೆಯ ನೇರಳೆ, ಗುಲಾಬಿ ಬಣ್ಣಗಳು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಬರುತ್ತವೆ. ಪ್ರಖರ ಬಿಸಿಲಿನಿಂದ ಎಲೆಯನ್ನು ಕಾಯಲು ಗಿಡ ಇದನ್ನು ತಯಾರಿಸುತ್ತದೆ. ಬಿಸಿಲೇ ಇಲ್ಲದ ಮೇಲೆ ತಯಾರಿಸುವ ಅಗತ್ಯವೂ ಇರುವುದಿಲ್ಲ.

ಎಚೆವೇರಿಯಾಗಳ ತವರು ಮೆಕ್ಸಿಕೊ. ಅಲ್ಲಿನ ಬೆಟ್ಟಗಳ ಬಂಡೆಗಳ ಸಂದಿನಲ್ಲಿ, ಹಗಲು ಒಳ್ಳೆಯ ಬಿಸಿಲು ಮತ್ತು ರಾತ್ರಿ ತಂಪು ಇರುವ ಕಡೆ ಇವುಗಳಲ್ಲಿ ಬಹುಪಾಲು ಬೆಳೆಯುತ್ತವೆ. ಈ ಸಸ್ಯಗಳ ಚಿತ್ರ ಬರೆದ ಮೆಕ್ಸಿಕೊದ ಚಿತ್ರಕಾರ ಅತನಾಸಿಯೊ ಎಚೆವೇರಿಯಾ ಅವರ ನೆನಪಿಗೆ 1828ರಲ್ಲಿ ಈ ಹೆಸರಿಡಲಾಯಿತು. ಪೆರ್ಲೆ ತಳಿಯನ್ನು ಮಾತ್ರ ಜರ್ಮನಿಯಲ್ಲಿ ಎರಡು ಬಗೆಯ ಎಚೆವೇರಿಯಾಗಳನ್ನು ಸಂಕರ ಮಾಡಿ ಪಡೆದರು. ಎಲ್ಲಿ ಹುಟ್ಟಿದರೂ ರಕ್ತ ಮೆಕ್ಸಿಕೊದ್ದೇ. ನಡುಹಗಲಲ್ಲಿ ಬಯಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ದೀಪ ಹಚ್ಚಿದ ಕೋಣೆಯ ನಡುವೆ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಎರಡಕ್ಕೂ ಬೇಗ ಹೊಂದಿಕೊಳ್ಳುವುದರಿಂದ ಕೋಣೆ ನಮಗೆ ಬೆಳಕಾಗಿಯೇ ತೋರುತ್ತದೆ. ಮೊಬೈಲಿನಲ್ಲಿ ಸಿಗುವ ಉಚಿತ ಲಕ್ಸ್ ಮೀಟರ್ ಹಿಡಿದು ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ಅಂಕಿ ಹೇಗೆ ಕುಸಿಯುತ್ತದೆ ಎಂದು ಯಾರೂ ನೋಡಬಹುದು.

ಹಾಗಾದರೆ ಕಿಟಕಿಯಲ್ಲೇ ಇದ್ದ ಗಿಡವೂ ಏಕೆ ಉದ್ದವಾಯಿತು? ಇದಕ್ಕೆ ಉತ್ತರ ಸೂರ್ಯನ ಓಡಾಟದಲ್ಲಿದೆ. ಸಕ್ಯುಲೆಂಟ್‌ಗೆ ದಕ್ಷಿಣದ ಕಿಟಕಿ ಶ್ರೇಷ್ಠ ಎಂಬ ಸಲಹೆ ಅಮೆರಿಕ, ಯೂರೋಪಿನ ಪುಸ್ತಕಗಳಿಂದ ಬಂದದ್ದು. ಆ ನಾಡುಗಳಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಹಾದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಮರಳುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲಾ ಮಕ್ಕಳು ಕೋಲು ನೆಟ್ಟು ನೋಡುವುದು ಈ ಎರಡು ದಿನಗಳನ್ನೇ. ಇವುಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ಬೆಳಗಿನಿಂದ ಸಂಜೆವರೆಗೂ ಉತ್ತರದ ಕಡೆಯಲ್ಲೇ ಸಾಗುತ್ತಾನೆ. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಗೆ ಆ ಅವಧಿಯಲ್ಲಿ ನೇರ ಬಿಸಿಲು ಒಂದು ನಿಮಿಷವೂ ಬೀಳುವುದಿಲ್ಲ. ಅದರ ಮೇಲೆ ಮುಂಗಾರಿನ ಮೋಡ, ಕಿಟಕಿಯ ಸಜ್ಜ, ಎದುರು ಮನೆಯ ಗೋಡೆ. ಕಲಬುರಗಿಯಂಥ ಉತ್ತರದ ಊರುಗಳಲ್ಲಿ ಈ ಅವಧಿ ಸ್ವಲ್ಪ ಚಿಕ್ಕದು, ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಲೆಕ್ಕ ಮಾತ್ರ ಅದೇ.

ಎಚೆವೇರಿಯಾದಲ್ಲಿ ಬೆಳಕಿನ ಕೊರತೆಯ ಮೊದಲ ಗುರುತು ಕಾಂಡದಲ್ಲಿ ಕಾಣುವುದಿಲ್ಲ, ಎಲೆಯಲ್ಲಿ ಕಾಣುತ್ತದೆ. ಮೇಲ್ಮುಖವಾಗಿ ಬಟ್ಟಲಿನ ಆಕಾರದಲ್ಲಿದ್ದ ಎಲೆಗಳು ಮೊದಲು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ, ಆಮೇಲೆ ಕೆಳಕ್ಕೆ ಮಡಿಚಿಕೊಳ್ಳುತ್ತವೆ. ನಡುವಿನ ಎಳೆ ಎಲೆಗಳು ತೆಳ್ಳಗಾಗಿ ತಿಳಿಹಸಿರು ಬಣ್ಣಕ್ಕೆ ತಿರುಗುತ್ತವೆ. ಈ ಹಂತದಲ್ಲೇ ಗಿಡವನ್ನು ಬಿಸಿಲಿಗೆ ತಂದರೆ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ವಯಸ್ಸಾದ ಗಿಡದಲ್ಲಿ ಹಳೆಯ ಕೆಳ ಎಲೆಗಳು ಒಣಗಿ ಬಿದ್ದು ಬರಿಗಾಂಡ ಕಾಣುವುದು ಸಹಜ. ಅಂಥ ಕಾಂಡದ ಮೇಲೆ ಎಲೆ ಬಿದ್ದ ಕಲೆಗಳು ಒತ್ತೊತ್ತಾಗಿರುತ್ತವೆ, ತಲೆಯೂ ಬಿಗಿಯಾಗಿರುತ್ತದೆ. ಅದು ಕಾಯಿಲೆಯಲ್ಲ. ಎಲೆಗಳ ನಡುವಿನಿಂದ ಒಂದೇ ಸಮನೆ ಮೇಲೆದ್ದು ತುದಿಯಲ್ಲಿ ಮೊಗ್ಗು ಹೊತ್ತು ಬಾಗುವುದು ಹೂವಿನ ದಂಟು, ಅದನ್ನೂ ಕಾಂಡವೆಂದು ಭ್ರಮಿಸಬಾರದು.

ಒಮ್ಮೆ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಹಿಗ್ಗಿದ ಕೋಶಗಳ ಭಿತ್ತಿ ಬಲಿತು ಗಟ್ಟಿಯಾಗಿರುತ್ತದೆ. ಬಿಸಿಲಿಗೆ ತಂದರೆ ಅಲ್ಲಿಂದ ಮುಂದೆ ಹುಟ್ಟುವ ಎಲೆಗಳು ಒತ್ತಾಗಿ ಬರುತ್ತವೆಯೇ ಹೊರತು ಕೆಳಗಿನ ಸಡಿಲ ಭಾಗ ಹಾಗೇ ಉಳಿಯುತ್ತದೆ. ಸಣಕಲು ಕಾಂಡದ ಮೇಲೆ ಭಾರದ ತಲೆ ಕೂತು ಗಿಡ ಒಂದು ದಿನ ಮಗುಚಿಕೊಳ್ಳುತ್ತದೆ. ಆದ್ದರಿಂದಲೇ ಸಕ್ಯುಲೆಂಟ್ ಬೆಳೆಸುವವರು ತಲೆಯನ್ನು ಕತ್ತರಿಸಿ, ಒಣಗಿಸಿ, ಬೇರೆ ಕುಂಡದಲ್ಲಿ ಬೇರು ಬಿಡಿಸುತ್ತಾರೆ. ಅವರ ಮಾತಿನಲ್ಲಿ ಇದು ‘ಬಿಹೆಡಿಂಗ್’.

ಇಲ್ಲಿ ಬಹುತೇಕರು ಅವಸರ ಮಾಡುತ್ತಾರೆ. ಗಿಡ ಕೆಟ್ಟದಾಗಿ ಕಂಡ ದಿನವೇ ಕತ್ತರಿ ಹಾಕಿ, ತಲೆಯನ್ನು ಅದೇ ಕಿಟಕಿಯಲ್ಲಿ ನೆಡುತ್ತಾರೆ. ಬೇರೇನೋ ಬರುತ್ತದೆ, ಆದರೆ ಮುಂದಿನ ಎರಡು ಮೂರು ತಿಂಗಳಲ್ಲಿ ಅದೂ ಕತ್ತು ಚಾಚುತ್ತದೆ. ಕತ್ತರಿಸುವುದು ಆಕಾರವನ್ನು ಸರಿಪಡಿಸುವ ಕೆಲಸ, ಕಾರಣವನ್ನು ತೆಗೆಯುವುದು ಬೆಳಕಿನ ಕೆಲಸ. ಮೊದಲು ಬೆಳಕಿನ ಏರ್ಪಾಡಾಗಬೇಕು. ಆ ಬೆಳಕಿನಲ್ಲಿ ತಲೆಯ ನಡುವಿನ ಮೂರು ನಾಲ್ಕು ಹೊಸ ಎಲೆಗಳು ದಪ್ಪವಾಗಿ, ಗಿಡ್ಡವಾಗಿ, ಒಂದಕ್ಕೊಂದು ಅಂಟಿಕೊಂಡು ಬಂದದ್ದು ಕಂಡ ಮೇಲೆ ಬ್ಲೇಡು ಹಿಡಿಯಬೇಕು. ಇದಕ್ಕೆ ಸುಮಾರು ಒಂದು ತಿಂಗಳು ಬೇಕಾಗಬಹುದು. ಬಿಗಿಯಾದ ಆ ಹೊಸ ಎಲೆಗಳೇ ಜಾಗ ಸರಿಯಾಗಿದೆ ಎಂಬುದಕ್ಕೆ ಗಿಡ ಕೊಡುವ ಒಪ್ಪಿಗೆ.

ಬೆಂಗಳೂರಿನ ಆ ಗಿಡಕ್ಕೆ ಇದನ್ನೇ ಅನ್ವಯಿಸಿ ನೋಡಬಹುದು. ಸೆಪ್ಟೆಂಬರ್‌ನಲ್ಲಿ ಗಿಡವನ್ನು ಮಳೆ ತಾಗದ ಪೂರ್ವದ ಬಾಲ್ಕನಿಗೆ ತರುವುದು. ನೇರವಾಗಿ ಬಿಸಿಲಿಗಿಡುವಂತಿಲ್ಲ. ಮಬ್ಬಿನಲ್ಲಿ ಬೆಳೆದ ಎಲೆಗೆ ರಕ್ಷಣೆಯ ವರ್ಣದ್ರವ್ಯವೂ ಇಲ್ಲ, ದಪ್ಪನೆಯ ಹೊರಪದರವೂ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಎಲೆಗಳ ಮೇಲೆ ಕಂದುಬಣ್ಣದ ಸುಟ್ಟ ಕಲೆ ಬೀಳುತ್ತದೆ, ಆ ಕಲೆ ಎಂದೂ ಮಾಯುವುದಿಲ್ಲ. ಮೊದಲ ಮೂರು ನಾಲ್ಕು ದಿನ ಬೆಳಗಿನ ಒಂದು ಗಂಟೆ ಬಿಸಿಲು, ಆಮೇಲೆ ಎರಡು ಗಂಟೆ, ಹೀಗೆ ಎರಡು ಮೂರು ವಾರದಲ್ಲಿ ನಾಲ್ಕೈದು ಗಂಟೆಗೆ ಏರಿಸಬೇಕು. ತಾರಸಿಯ ಮೇಲಾದರೆ ನರ್ಸರಿಯವರು ಬಳಸುವ ಶೇಕಡ 50ರ ನೆರಳು ಪರದೆ ಸಾಕು. ಬಾಲ್ಕನಿಯೇ ಇಲ್ಲದ ಮನೆಯಲ್ಲಿ ಗಿಡಗಳಿಗೆಂದೇ ಮಾರುವ ಎಲ್‌ಇಡಿ ದೀಪವನ್ನು ಗಿಡದಿಂದ 20ರಿಂದ 30 ಸೆಂಟಿಮೀಟರ್ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿದರೂ ಕೆಲಸವಾಗುತ್ತದೆ.

ಅಕ್ಟೋಬರ್ ಕೊನೆ ಅಥವಾ ನವೆಂಬರ್, ಮಳೆ ಹಿಂದೆಗೆದು ಗಾಳಿ ಒಣಗಿದ ಮೇಲೆ, ಕತ್ತರಿಸಲು ತಕ್ಕ ಸಮಯ. ಹಗಲು ಹಿತವಾದ ಬಿಸಿಲು, ರಾತ್ರಿ ತಂಪು, ಮೆಕ್ಸಿಕೊದ ಬೆಟ್ಟಗಳಿಗೆ ಬೆಂಗಳೂರು ಅತಿ ಹತ್ತಿರವಾಗುವ ಕಾಲವದು. ಮಳೆಗಾಲದಲ್ಲಿ ಹಸಿ ಗಾಯ ಒಣಗುವ ಮೊದಲೇ ಶಿಲೀಂಧ್ರ ಸೇರಿಕೊಳ್ಳುತ್ತದೆ. ಕತ್ತರಿಸುವುದಕ್ಕೆ ಒಂದು ವಾರ ಮುಂಚೆ ನೀರು ನಿಲ್ಲಿಸಬೇಕು. ನೀರು ತುಂಬಿಕೊಂಡ ಕಾಂಡಕ್ಕಿಂತ ತುಸು ಸೊರಗಿದ ಕಾಂಡದ ಗಾಯ ಬೇಗ ಒಣಗುತ್ತದೆ.

ತಲೆಯ ಕೆಳಗೆ ಎರಡು ಮೂರು ಸೆಂಟಿಮೀಟರ್ ಕಾಂಡ ಉಳಿಯುವಂತೆ ಕತ್ತರಿಸುವುದು ಮುಖ್ಯ. ಅಷ್ಟಿಲ್ಲದಿದ್ದರೆ ಕುಂಡದಲ್ಲಿ ತಲೆ ನಿಲ್ಲುವುದಿಲ್ಲ. ಜಾಗ ಸಾಲದಿದ್ದರೆ ತಲೆಯ ಕೆಳಗಿನ ಕೆಲವು ಎಲೆಗಳನ್ನು ಅತ್ತಿತ್ತ ಮೆಲ್ಲನೆ ಅಲುಗಿಸಿ ಕಿತ್ತುಕೊಳ್ಳಬಹುದು. ಹೊಸ ಬ್ಲೇಡನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ ಒಂದೇ ಎಳೆತಕ್ಕೆ ಕೊಯ್ಯಬೇಕು. ಎಲೆಗಳು ದಟ್ಟವಾಗಿದ್ದು ಬ್ಲೇಡು ತೂರದ ಕಡೆ ಗಟ್ಟಿ ನೈಲಾನ್ ದಾರವನ್ನು ಎಲೆಗಳ ನಡುವೆ ಕಾಂಡಕ್ಕೆ ಒಂದು ಸುತ್ತು ಹಾಕಿ ಎರಡೂ ತುದಿ ಎಳೆದರೆ ಎಲೆಗೆ ಗಾಯವಾಗದೆ ಕಾಂಡ ಕತ್ತರಿಸಿಕೊಳ್ಳುತ್ತದೆ. ಎಲೆಯ ಮೈಮೇಲಿನ ಬೂದಿಯಂಥ ಪುಡಿ ಒಂದು ಬಗೆಯ ಮೇಣ, ಬೆರಳು ತಾಗಿದಲ್ಲಿ ಅಳಿಸಿಹೋಗುತ್ತದೆ, ಆ ಎಲೆಯ ಮೇಲೆ ಮತ್ತೆ ಮೊದಲಿನಂತೆ ಕೂಡುವುದಿಲ್ಲ. ಹಾಗಾಗಿ ತಲೆಯನ್ನು ಕಾಂಡದಲ್ಲೇ ಹಿಡಿಯಬೇಕು.

ಕೊಯ್ದ ತಕ್ಷಣ ಆ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಆರೋಗ್ಯವಾದ ಕಾಂಡದ ಒಳಗು ತಿಳಿಹಸಿರು ಬೆರೆತ ಬಿಳಿ, ನಡುವೆ ನೀರು ಸಾಗಿಸುವ ನಾಳಗಳ ತೆಳುವಾದ ಉಂಗುರ. ಆ ಉಂಗುರದಲ್ಲಿ ಕಂದು ಅಥವಾ ಕಪ್ಪು ಚುಕ್ಕೆಗಳು ಕಂಡರೆ ಕೊಳೆ ಕೆಳಗಿನಿಂದ ಏರುತ್ತಿದೆ ಎಂದರ್ಥ. ಬ್ಲೇಡನ್ನು ಮತ್ತೆ ಒರೆಸಿ ಅರ್ಧ ಸೆಂಟಿಮೀಟರ್ ಮೇಲಕ್ಕೆ ಕೊಯ್ಯಬೇಕು. ಚುಕ್ಕೆಯಿಲ್ಲದ ಮುಖ ಸಿಗುವವರೆಗೂ ಹೀಗೆ ಮಾಡಬೇಕು. ಒಂದು ಚುಕ್ಕೆ ಉಳಿದರೂ ವಾರದೊಳಗೆ ತಲೆಯೇ ಕರಗಿಹೋಗಬಹುದು.

ಮುಂದಿನದು ಒಣಗಿಸುವ ಹಂತ. ಖಾಲಿ ಗಾಜಿನ ಲೋಟದ ಬಾಯಿಯ ಮೇಲೆ ತಲೆಯನ್ನು ಕೂರಿಸಿ, ಕಾಂಡ ಒಳಗೆ ತೂಗುವಂತೆ ಬಿಟ್ಟು, ಬೆಳಕಿರುವ ಆದರೆ ಬಿಸಿಲು ಬೀಳದ ಕಡೆ ಇಡುತ್ತಾರೆ. ಮಗ್ಗುಲಾಗಿ ಮಲಗಿಸಿದರೆ ಕೆಲವೇ ದಿನಗಳಲ್ಲಿ ತಲೆ ಮೇಲಕ್ಕೆ ತಿರುಗಿಕೊಂಡು ಕಾಂಡ ಸೊಟ್ಟಗಾಗುತ್ತದೆ. ನಾಲ್ಕರಿಂದ ಏಳು ದಿನದಲ್ಲಿ ಗಾಯದ ಮುಖ ಒಣಗಿ, ಉಗುರು ತಾಗಿಸಿದರೆ ಗಟ್ಟಿ ಎನಿಸುವ ಪದರ ಕಟ್ಟಿಕೊಳ್ಳುತ್ತದೆ. ಈ ದಿನಗಳಲ್ಲಿ ಬೇರಿಲ್ಲದೆಯೂ ತಲೆ ಬದುಕುವುದು ಎಲೆಗಳಲ್ಲಿ ಕೂಡಿಟ್ಟ ನೀರಿನಿಂದ. ಈ ಕುಟುಂಬದ ಗಿಡಗಳು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ, ಆಗಲೇ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹಗಲಿನ ಅಡುಗೆಗೆ ಇಟ್ಟುಕೊಳ್ಳುತ್ತವೆ. ಅದರಿಂದ ನೀರು ಆವಿಯಾಗುವುದು ತೀರ ಕಡಿಮೆ.

ನೆಡಲು ಅರ್ಧ ಭಾಗ ಮೂರರಿಂದ ಐದು ಮಿಲಿಮೀಟರ್ ಗಾತ್ರದ ಇಟ್ಟಿಗೆ ಚೂರು, ಪ್ಯೂಮಿಸ್ ಅಥವಾ ಪರ್ಲೈಟ್, ಇನ್ನರ್ಧ ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಮಿಶ್ರಣ ಸಾಕು. ಕುಂಡ ಮಣ್ಣಿನದಾಗಿದ್ದು, ತಲೆಯ ಅಗಲಕ್ಕಿಂತ ಬೆರಳಗಲ ಮಾತ್ರ ದೊಡ್ಡದಿರಬೇಕು. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದಿಲ್ಲ. ಕಾಂಡವನ್ನು ಒಣ ಮಿಶ್ರಣದಲ್ಲಿ ಊರಿ, ಅಲುಗದಂತೆ ನಾಲ್ಕು ಕಲ್ಲುಗಳ ಆಸರೆ ಕೊಟ್ಟು ಹಾಗೇ ಬಿಡಬೇಕು. ಎರಡು ವಾರ ನೀರು ಬೇಡ. ಕೆಳಗಿನ ಎಲೆಗಳು ಸುಕ್ಕುಗಟ್ಟುತ್ತವೆ, ಅದನ್ನು ಕಂಡು ಗಾಬರಿಯಾಗಿ ನೀರು ಹಾಕುವುದೇ ಹೆಚ್ಚಿನವರ ಗಿಡ ಕೊಳೆಯಲು ಕಾರಣ. ಸುಕ್ಕಾದ ಎಲೆ ಬಾಯಾರಿದೆ ಅಷ್ಟೆ. ಹಳದಿಯಾಗಿ, ಒಳಗು ಕಾಣುವಷ್ಟು ಪಾರದರ್ಶಕವಾಗಿ, ಮುಟ್ಟಿದರೆ ಮೆತ್ತಗೆ ಕಳಚಿ ಬರುವ ಎಲೆ ಕೊಳೆಯ ಲಕ್ಷಣ. ಎರಡು ವಾರದ ಮೇಲೆ ತಲೆಯನ್ನು ನವಿರಾಗಿ ಮೇಲಕ್ಕೆಳೆದು ನೋಡಬೇಕು. ತಡೆ ಸಿಕ್ಕರೆ ಬೇರು ಬಂದಿದೆ, ಆಗ ಮೊದಲ ನೀರು. ಸಿಗದಿದ್ದರೆ ಇನ್ನೊಂದು ವಾರ. ಬೇರು ಬಂದ ಗಿಡವನ್ನು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಬಿಸಿಲಿಗೆ ಏರಿಸುವುದು.

ಇತ್ತ ಹಳೆಯ ಕುಂಡದಲ್ಲಿ ಉಳಿದ ಬುಡವನ್ನು ಎಸೆಯುವಂತಿಲ್ಲ. ಗಿಡದ ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಕೆಳಗಿನ ಗಿಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳನ್ನು ಏಳದಂತೆ ತಡೆದಿಟ್ಟಿರುತ್ತದೆ. ಕೆನೆತ್ ಥಿಮಾನ್ ಮತ್ತು ಫೋಲ್ಕೆ ಸ್ಕೂಗ್ 1933ರಲ್ಲಿ ಅವರೆ ಜಾತಿಯ ಗಿಡವೊಂದರ ತುದಿ ಚಿವುಟಿ, ಆ ಜಾಗದಲ್ಲಿ ಆಕ್ಸಿನ್ ಇಟ್ಟರೆ ಪಕ್ಕದ ಕವಲುಗಳು ಏಳುವುದಿಲ್ಲ, ಇಡದಿದ್ದರೆ ಏಳುತ್ತವೆ ಎಂದು ತೋರಿಸಿದರು. ಎಚೆವೇರಿಯಾದ ತಲೆ ಹೋದಾಗ ಆಗುವುದೂ ಅದೇ. ಬುಡದಲ್ಲಿ ನಾಲ್ಕೈದು ಎಲೆಗಳಿದ್ದರೆ ಅವು ತಯಾರಿಸಿದ ಆಹಾರದ ಬಲದಲ್ಲಿ ಮೂರರಿಂದ ಆರು ವಾರದಲ್ಲಿ ಗಿಣ್ಣುಗಳಿಂದ ಸಾಸಿವೆ ಗಾತ್ರದ ಗುಲಾಬಿ ಮೊಗ್ಗುಗಳು ಹೊರಡುತ್ತವೆ. ಅತ್ತ ಕತ್ತರಿಸಿದ ತಲೆಯಲ್ಲಿ ಇದೇ ಆಕ್ಸಿನ್ ಕೆಳಗಿಳಿದು ಗಾಯದ ಬಳಿ ಸೇರಿಕೊಂಡು ಹೊಸ ಬೇರಿಗೆ ಪ್ರೇರಣೆ ಕೊಡುತ್ತದೆ. ಬುಡಕ್ಕೆ ಮೊದಲಿನಷ್ಟು ನೀರು ಬೇಡ, ಕುಡಿಯಲು ಎಲೆಗಳೇ ಕಡಿಮೆ. ಕಿತ್ತ ಎಲೆಗಳನ್ನು ಒಣ ಮಣ್ಣಿನ ಮೇಲೆ ಹರವಿಟ್ಟರೆ, ಬುಡ ಹರಿಯದೆ ಪೂರ್ತಿಯಾಗಿ ಬಂದ ಎಲೆಗಳಲ್ಲಿ ಕೆಲವು ಮರಿ ಹಾಕುತ್ತವೆ. ಸಡಿಲವಾದ ಗಿಡದ ಎಲೆಸಂದುಗಳಲ್ಲಿ ಬಿಳಿ ಹಿಟ್ಟು ತಿಗಣೆ ಅಡಗಿರುವುದುಂಟು. ಹತ್ತಿಯಂಥ ಬಿಳಿ ಉಂಡೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ತೆಗೆದು ಆಮೇಲೆ ನೆಡಬೇಕು.

ಈ ವಿಧಾನ ಎಲ್ಲ ಸಕ್ಯುಲೆಂಟ್‌ಗೂ ಹೊಂದುವುದಿಲ್ಲ. ಗ್ರಾಪ್ಟೊಪೆಟಲಮ್, ಸೀಡಮ್, ಕ್ರಾಸುಲಾಗಳಂತೆ ಕಾಂಡವಿರುವ ಗಿಡಗಳಿಗೆ ಇದು ಸಲೀಸು. ಕಲ್ಲಿನಂತೆ ಕಾಣುವ ಲಿಥಾಪ್ಸ್‌ಗೆ ಕತ್ತರಿಸಲು ಕಾಂಡವೇ ಇಲ್ಲ. ಹಾವರ್ಥಿಯಾ ಕಡಿಮೆ ಬೆಳಕಿಗೆ ಹೆಚ್ಚು ಒಗ್ಗಿಕೊಳ್ಳುತ್ತದೆ, ಬಾಲ್ಕನಿ ಇಲ್ಲದವರು ಎಚೆವೇರಿಯಾ ಬದಲು ಅದನ್ನೇ ತರುವುದು ಒಳ್ಳೆಯದು. ಕಂಬದಂಥ ಕಳ್ಳಿಯ ತುದಿ ಮಬ್ಬಿನಲ್ಲಿ ಪೆನ್ಸಿಲ್‌ನಷ್ಟು ಸಣ್ಣಗಾದರೆ, ಆ ಸಣ್ಣ ಭಾಗವನ್ನು ತೆಗೆದು ದಪ್ಪ ಬುಡದಿಂದ ಹೊಸ ಕವಲು ಬರಲು ಬಿಡುತ್ತಾರೆ. ಮಂಗಳೂರು, ಕಾರವಾರದ ಕಡೆ ರಾತ್ರಿಯೂ ಸೆಕೆ, ಗಾಳಿಯಲ್ಲಿ ಸದಾ ತೇವ. ಅಲ್ಲಿ ಎಚೆವೇರಿಯಾ ಸಾಕುವುದೇ ಕಷ್ಟ, ಕತ್ತರಿಸುವುದಿದ್ದರೆ ಡಿಸೆಂಬರ್, ಜನವರಿಯ ಒಣ ದಿನಗಳನ್ನೇ ಕಾಯಬೇಕು.

ನವೆಂಬರ್‌ನಲ್ಲಿ ನೆಟ್ಟ ತಲೆ ಜನವರಿ ಹೊತ್ತಿಗೆ ಬೇರೂರಿ, ಬಣ್ಣ ತಿರುಗಿ, ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಸೂರ್ಯ ಆಗ ದಕ್ಷಿಣಕ್ಕಿರುವುದರಿಂದ ಅದೇ ಹಳೆಯ ಕಿಟಕಿಯಲ್ಲಿ ಇಟ್ಟರೂ ಮಾರ್ಚ್‌ವರೆಗೆ ಚಿಂತೆಯಿಲ್ಲ. ಏಪ್ರಿಲ್ ಬರುವ ಮುಂಚೆ ಕುಂಡವನ್ನು ಪೂರ್ವದ ಬಾಲ್ಕನಿಗೋ, ದೀಪದ ಕೆಳಗೋ ಸಾಗಿಸಿ, ಜೂನ್‌ನಿಂದ ಆಗಸ್ಟ್‌ವರೆಗೆ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಕೊಟ್ಟು, ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿದ್ದರೆ ಮುಂದಿನ ಮಳೆಗಾಲದಲ್ಲಿ ಬ್ಲೇಡಿನ ಅಗತ್ಯ ಬರುವುದು ಕಡಿಮೆ.